ಮೊದಲು ಆಲಿಸುವುದು, ಅನಂತರ ನೀಡುವುದು: ಡಿಸ್ಕಾರ್ಡ್ ಮತ್ತು ಸ್ಲ್ಯಾಕ್ ವೃತ್ತಿಬಳಗಗಳಿಗೆ ಸೇರುವ ಕ್ರಮ

ಯಲಹಂಕ, ಯಶವಂತಪುರ ಮತ್ತು ಪೀಣ್ಯದ ಆಸುಪಾಸಿನ ಸಣ್ಣ ಘಟಕಗಳಲ್ಲಿ ಇಂದು ಬಳಕೆಗೆ ಬರುತ್ತಿರುವ ಕೆಲವು ತಂತ್ರಾಂಶಗಳಿಗೆ ಮಾರಾಟಗಾರರೂ ಇಲ್ಲ, ವಾರ್ಷಿಕ ನಿರ್ವಹಣಾ ಕರಾರೂ ಇಲ್ಲ. ಯಂತ್ರಭಾಗಗಳ ಮಾದರಿಯನ್ನು ಗಣಕದಲ್ಲಿ ರಚಿಸುವ ಫ್ರೀಕ್ಯಾಡ್ ಇದಕ್ಕೆ ಉತ್ತಮ ಉದಾಹರಣೆ. 2002ರಲ್ಲಿ ಮೊದಲು ಬಿಡುಗಡೆಯಾದ ಈ ಮುಕ್ತ ತಂತ್ರಾಂಶದ 1.0 ಆವೃತ್ತಿಯು 2024ರ ನವೆಂಬರ್‌ನಲ್ಲಿ ಹೊರಬಂದಿತು. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲ. ಆದರೆ ಕೆಲಸದ ನಡುವೆ ತೊಡಕು ಬಂದಾಗ ಕರೆ ಮಾಡಲು ದೂರವಾಣಿ ಸಂಖ್ಯೆಯೂ ಇಲ್ಲ. ಅದರ ಬದಲು ಬಳಕೆದಾರರೂ ತಂತ್ರಾಂಶ ರಚಿಸುವವರೂ ಒಟ್ಟಿಗೆ ಸೇರುವ ಬಳಗಗಳಿವೆ. ಫ್ರೀಕ್ಯಾಡ್‌ನ ಇಂಥ ಒಂದು ಬಳಗವು ಡಿಸ್ಕಾರ್ಡ್‌ನಲ್ಲಿ ನಡೆಯುತ್ತದೆ. ಬೇರೆ ಹಲವು ತಂತ್ರಾಂಶಗಳ ಬಳಗಗಳು ಸ್ಲ್ಯಾಕ್‌ನಲ್ಲಿವೆ.

ಇಂಥ ಬಳಗದಿಂದ ದೊರೆಯುವ ನೆರವಿಗೆ ಹಣ ತೆರಬೇಕಿಲ್ಲವಾದರೂ ಅದು ಬೆಲೆಯಿಲ್ಲದ್ದಲ್ಲ. ಉತ್ತರಿಸುವವರು ತಮ್ಮ ಬಿಡುವಿನ ವೇಳೆಯನ್ನು ನೀಡುತ್ತಾರೆ. ಆ ವೇಳೆಯನ್ನು ಯಾರಿಗೆ ನೀಡಬೇಕೆಂಬುದನ್ನು, ಪ್ರಶ್ನೆ ಕೇಳಿದವನು ತನ್ನ ಪಾಲಿನ ಕೆಲಸವನ್ನು ಮಾಡಿದ್ದಾನೆಯೇ ಎಂಬುದನ್ನು ನೋಡಿ ಅವರು ನಿರ್ಧರಿಸುತ್ತಾರೆ. ಹಾಗಾಗಿ ಬಳಗಕ್ಕೆ ಕಾಲಿಡುವ ಕ್ರಮವೇ ಅಲ್ಲಿ ದೊರೆಯುವ ನೆರವಿನ ಪ್ರಮಾಣವನ್ನು ಗೊತ್ತುಮಾಡುತ್ತದೆ. ಆ ಕ್ರಮವನ್ನು ಒಂದು ಸಣ್ಣ ಘಟಕದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಉದಾಹರಣೆಯ ಘಟಕ ಮತ್ತು ಅದರ ತೊಡಕು

ಯಲಹಂಕದಲ್ಲಿ ಜಾಬ್‌ವರ್ಕ್ ಆಧಾರದ ಮೇಲೆ ಫಿಕ್ಸ್‌ಚರ್‌ಗಳನ್ನು ತಯಾರಿಸುವ ಒಂದು ಘಟಕವಿದೆ ಎಂದು ಭಾವಿಸಬಹುದು. ಮಾಲೀಕರ ಜೊತೆಗೆ ಒಬ್ಬ ಡ್ರಾಫ್ಟ್ಸ್‌ಮನ್ ಹಾಗೂ ನಾಲ್ವರು ಯಂತ್ರ ಕೆಲಸಗಾರರಿದ್ದಾರೆ. ಗಣಕದಲ್ಲಿ ಫ್ರೀಕ್ಯಾಡ್‌ನ 0.21 ಆವೃತ್ತಿಯಿದೆ. ಡ್ರಾಫ್ಟ್ಸ್‌ಮನ್ 120 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಒಂದು ಫಲಕವನ್ನು ರಚಿಸಿ, ಅದರ ಮೇಲ್ಮುಖದ ಮೇಲೆ 30 ಮಿ.ಮೀ. ವ್ಯಾಸದ ಒಂದು ಉಬ್ಬನ್ನೂ, ಆ ಉಬ್ಬಿನ ಮೇಲೆ 9 ಮಿ.ಮೀ. ರಂಧ್ರವನ್ನೂ ಕೂಡಿಸಿದ್ದಾನೆ. ಗ್ರಾಹಕರು ಫಲಕದ ಒಂದು ಮೂಲೆಯಲ್ಲಿ ಕಚ್ಚು ಬೇಕೆಂದು ತಿದ್ದುಪಡಿ ಕಳುಹಿಸುತ್ತಾರೆ. ಮೊದಲ ರೇಖಾಚಿತ್ರಕ್ಕೆ ಹಿಂದಿರುಗಿ ಕಚ್ಚನ್ನು ಸೇರಿಸಿದ ಕೂಡಲೇ ಮೇಲಿದ್ದ ಉಬ್ಬು ಫಲಕದ ಪಕ್ಕದ ಗೋಡೆಗೆ ಹಾರುತ್ತದೆ, ಇಲ್ಲವೇ ಮಾದರಿಯ ಪಟ್ಟಿಯಲ್ಲಿ ದೋಷದ ಗುರುತು ಕಾಣಿಸಿಕೊಳ್ಳುತ್ತದೆ.

ಉಬ್ಬು ಹೀಗೆ ಕಣ್ಣಿಗೆ ಕಾಣುವಷ್ಟು ದೂರ ಸರಿದರೆ ಅದನ್ನು ಕೂಡಲೇ ಗುರುತಿಸಬಹುದು. ಹತ್ತಾರು ರಂಧ್ರಗಳಿರುವ ಫಲಕದಲ್ಲಿ ಒಂದೇ ರಂಧ್ರ ಬೇರೊಂದು ಮುಖಕ್ಕೆ ಸರಿದು, ಅದನ್ನು ಯಾರೂ ಗಮನಿಸದೆ ಯಂತ್ರಕ್ಕೆ ಕಳುಹಿಸಿದರೆ ಲೋಹವೂ ಯಂತ್ರದ ವೇಳೆಯೂ ವ್ಯರ್ಥವಾಗುತ್ತವೆ. ಆದುದರಿಂದ ಮಾಲೀಕರಿಗೆ ಉತ್ತರ ಬೇಕು, ಅದೂ ಬೇಗ ಬೇಕು. ಈ ಅವಸರದಲ್ಲಿಯೇ ಹೆಚ್ಚಿನವರು ಬಳಗಕ್ಕೆ ಸೇರುತ್ತಾರೆ. ಸೇರಿದ ಐದು ನಿಮಿಷದಲ್ಲಿ ಗ್ರಾಹಕರ ಮೂಲ ಡ್ರಾಯಿಂಗನ್ನು ಲಗತ್ತಿಸಿ, "ಮಾದರಿ ಕೆಟ್ಟಿದೆ, ತುರ್ತಾಗಿ ಸಹಾಯ ಮಾಡಿ" ಎಂದು ಎಲ್ಲರಿಗೂ ಘಂಟೆ ಬಾರಿಸುವ @everyone ಗುರುತಿನೊಡನೆ ಬರೆಯುತ್ತಾರೆ. ಆ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ: ಏನಾಯಿತೆಂಬ ವಿವರವಿಲ್ಲ, ಸಂಬಂಧವಿಲ್ಲದ ನೂರಾರು ಜನರನ್ನು ಎಬ್ಬಿಸುವ ಯತ್ನವಿದೆ, ಇನ್ನೊಬ್ಬರಿಗೆ ಸೇರಿದ ಡ್ರಾಯಿಂಗ್ ಬಹಿರಂಗವಾಗಿದೆ. ಮೊದಲೆರಡು ತಪ್ಪುಗಳಿಂದ ಉತ್ತರ ತಪ್ಪೀತು. ಮೂರನೆಯದರಿಂದ ಗ್ರಾಹಕರೇ ತಪ್ಪಿಯಾರು.

ಈ ಸ್ಥಿತಿಯನ್ನು ತಪ್ಪಿಸುವ ಉಪಾಯವು ಸರಳವಾದುದು. ತೊಡಕು ಬರುವುದಕ್ಕೆ ಮೊದಲೇ, ಅಂದರೆ ತಂತ್ರಾಂಶವನ್ನು ಬಳಕೆಗೆ ತಂದ ವಾರದಲ್ಲಿಯೇ, ಬಳಗಕ್ಕೆ ಸೇರಿ ಆಲಿಸಲು ತೊಡಗಬೇಕು.

ಆಲಿಸುವ ಎರಡು ವಾರಗಳು

ಮಂಡಿಗೆ ಹೊಸದಾಗಿ ಬಂದ ವರ್ತಕನು ಮೊದಲ ದಿನವೇ ದರ ಹೇಳುವುದಿಲ್ಲ. ಯಾವ ಅಂಗಡಿಯ ತೂಕ ಸರಿ, ಯಾರ ಮಾತಿಗೆ ಬೆಲೆ, ಯಾವ ಸರಕು ಯಾವ ಸಾಲಿನಲ್ಲಿ ಬಿಕರಿಯಾಗುತ್ತದೆ ಎಂಬುದನ್ನು ಕೆಲವು ದಿನ ನಿಂತು ನೋಡುತ್ತಾನೆ. ಬಳಗದಲ್ಲಿ ಆಲಿಸುವುದೆಂದರೂ ಇದೇ. ಸುಮ್ಮನೆ ಸಂದೇಶಗಳನ್ನು ಓದುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಓದಬೇಕು.

ಮೊದಲನೆಯ ಪ್ರಶ್ನೆ, ಯಾವ ಮಾತಿಗೆ ಯಾವ ಚಾನೆಲ್ ಎಂಬುದು. ಡಿಸ್ಕಾರ್ಡ್ ಆಗಲಿ ಸ್ಲ್ಯಾಕ್ ಆಗಲಿ, ಬಳಗವನ್ನು ಹಲವು ಚಾನೆಲ್‌ಗಳಾಗಿ ವಿಂಗಡಿಸಲಾಗಿರುತ್ತದೆ. ನಿಯಮಗಳಿಗೆ ಒಂದು, ಪ್ರಕಟಣೆಗಳಿಗೆ ಒಂದು, ಸಹಾಯ ಕೇಳಲು ಒಂದು, ತಂತ್ರಾಂಶ ರಚಿಸುವವರ ಚರ್ಚೆಗೆ ಒಂದು, ಹರಟೆಗೆ ಇನ್ನೊಂದು ಇರುವುದು ರೂಢಿ. ನಿಯಮಗಳ ಚಾನೆಲನ್ನು ಪೂರ್ತಿ ಓದಿ, ಸಹಾಯದ ಚಾನೆಲ್‌ನಲ್ಲಿ ಪಿನ್ ಮಾಡಿಟ್ಟಿರುವ ಸಂದೇಶಗಳನ್ನು ನೋಡಬೇಕು. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.

ಎರಡನೆಯದು, ಎಂಥ ಪ್ರಶ್ನೆಗೆ ಉತ್ತರ ಬರುತ್ತದೆ ಎಂಬುದು. ಸಹಾಯದ ಚಾನೆಲ್‌ನಲ್ಲಿ ಹಿಂದಿನ 20 ಪ್ರಶ್ನೆಗಳನ್ನು ಆಯ್ದು ಒಂದು ಹಾಳೆಯಲ್ಲಿ ಎರಡು ಕಲಮುಗಳಾಗಿ ಬರೆದುಕೊಳ್ಳಬಹುದು: ಉತ್ತರ ಪಡೆದವು, ಪಡೆಯದವು. ಹೀಗೆ ಬರೆಯುತ್ತಿದ್ದಂತೆ ಬಳಗದ ರೀತಿ ತಾನಾಗಿ ತಿಳಿದುಬರುತ್ತದೆ. ತಂತ್ರಾಂಶದ ಆವೃತ್ತಿ, ಪರದೆಯ ಚಿತ್ರ ಹಾಗೂ ಒಂದು ಚಿಕ್ಕ ಕಡತ ಇರುವ ಪ್ರಶ್ನೆಗಳು ಮೊದಲ ಕಲಮಿನಲ್ಲಿಯೂ, ಬರಿಯ ದೂರುಗಳು ಎರಡನೆಯದರಲ್ಲಿಯೂ ಹೆಚ್ಚಾಗಿ ಬೀಳುತ್ತವೆ. ಇಂಗ್ಲಿಷ್ ಚೆನ್ನಾಗಿ ಬಾರದೆಂಬ ಸಂಕೋಚವೂ ಈ ಹಾಳೆಯನ್ನು ನೋಡಿದ ಮೇಲೆ ಕಡಿಮೆಯಾಗುತ್ತದೆ. ಉತ್ತರ ಪಡೆದ ಪ್ರಶ್ನೆಗಳಲ್ಲಿ ಹಲವು ಅಂಕಿಗಳೂ ಚಿತ್ರವೂ ಇರುವ ನಾಲ್ಕು ತುಂಡು ವಾಕ್ಯಗಳಾಗಿರುತ್ತವೆ.

ಮೂರನೆಯದು, ಬಳಗ ಯಾವಾಗ ಎಚ್ಚರವಾಗಿರುತ್ತದೆ ಎಂಬುದು. ಇಂಥ ಅಂತರರಾಷ್ಟ್ರೀಯ ಬಳಗಗಳಲ್ಲಿ ಐರೋಪ್ಯರು ಅನೇಕರಿರುತ್ತಾರೆ. ಅವರು ಉತ್ತರಿಸುವುದು ತಮ್ಮ ಕೆಲಸ ಮುಗಿದ ಮೇಲೆ. ಮಧ್ಯ ಯೂರೋಪಿನ ಚಳಿಗಾಲದ ಸಂಜೆ 6 ಗಂಟೆಯೆಂದರೆ ಬೆಂಗಳೂರಿನಲ್ಲಿ ರಾತ್ರಿ 10:30, ಬೇಸಿಗೆಯಲ್ಲಿ 9:30. ಬೆಳಗ್ಗೆ ಹತ್ತಕ್ಕೆ ಕೇಳಿದ ಪ್ರಶ್ನೆಗೆ ಸಂಜೆಯವರೆಗೂ ಉತ್ತರವಿಲ್ಲದಿದ್ದರೆ ಅದು ಉಪೇಕ್ಷೆಯಲ್ಲ, ಗಡಿಯಾರದ ವ್ಯತ್ಯಾಸ. ಯಾವ ಗಂಟೆಗಳಲ್ಲಿ ಉತ್ತರಗಳು ಹೆಚ್ಚಾಗಿ ಬಂದಿವೆ ಎಂಬುದನ್ನು ಅದೇ ಹಾಳೆಯಲ್ಲಿ ಗುರುತಿಸಿಕೊಂಡರೆ ಈ ತಪ್ಪು ತಿಳಿವಳಿಕೆಗೆ ಅವಕಾಶವಿರುವುದಿಲ್ಲ.

ಈ ಕೆಲಸಕ್ಕೆ ದಿನಕ್ಕೆ 20 ನಿಮಿಷದಂತೆ ಹತ್ತು ಕೆಲಸದ ದಿನಗಳು ಸಾಕು. ಒಟ್ಟು 200 ನಿಮಿಷವಾಯಿತು. ಡ್ರಾಫ್ಟ್ಸ್‌ಮನ್‌ನ ವೇಳೆಗೆ ಗಂಟೆಗೆ 240 ರೂಪಾಯಿಯೆಂದು ಹಿಡಿದರೆ ಖರ್ಚು 800 ರೂಪಾಯಿ. ಇದನ್ನು ತಂತ್ರಾಂಶದ ವೆಚ್ಚವೆಂದೇ ಲೆಕ್ಕ ಹಿಡಿಯುವುದು ಸರಿ. ಪರವಾನಗಿ ಶುಲ್ಕದಲ್ಲಿ ಉಳಿದ ಹಣದ ಒಂದು ಸಣ್ಣ ಪಾಲು ಇಲ್ಲಿ ವ್ಯಯವಾಗುತ್ತದೆ.

ಕೇಳುವ ಮೊದಲು ಹುಡುಕುವುದು

ಉದಾಹರಣೆಯ ಡ್ರಾಫ್ಟ್ಸ್‌ಮನ್ ಹೀಗೆ ಎರಡು ವಾರ ಆಲಿಸಿದ್ದಾನೆ ಎಂದಿಟ್ಟುಕೊಳ್ಳಬಹುದು. ಈಗ ಉಬ್ಬು ಹಾರಿದೆ. ಅವನ ಮೊದಲ ಹೆಜ್ಜೆ ಬಳಗದ ಹುಡುಕು ಪೆಟ್ಟಿಗೆ. ಡಿಸ್ಕಾರ್ಡ್‌ನಲ್ಲಿ ಪದಗಳ ಜೊತೆಗೆ ಚಿತ್ರ ಇರುವ ಸಂದೇಶಗಳನ್ನು ಮಾತ್ರ ಕೇಳಬಹುದು. ಸ್ಲ್ಯಾಕ್‌ನಲ್ಲಿ ದಿನಾಂಕವನ್ನು ಗೊತ್ತುಪಡಿಸಬಹುದು. ಎರಡರ ಮಾದರಿಗಳು ಕ್ರಮವಾಗಿ ಹೀಗಿವೆ:

```
sketch moved face has: image
sketch moved face after:2024-11-01
```

ಇಲ್ಲಿ ಎರಡು ವೇದಿಕೆಗಳ ನಡುವಿನ ಒಂದು ಮುಖ್ಯ ವ್ಯತ್ಯಾಸವನ್ನು ತಿಳಿದಿರಬೇಕು. ಡಿಸ್ಕಾರ್ಡ್ ಬಳಗದಲ್ಲಿ ಹಳೆಯ ಸಂದೇಶಗಳು ಯಾರಾದರೂ ಅಳಿಸುವವರೆಗೆ ಉಳಿಯುತ್ತವೆ. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ, 2022ರ ಸೆಪ್ಟೆಂಬರ್‌ನಿಂದ, ಹಿಂದಿನ 90 ದಿನಗಳ ಸಂದೇಶಗಳು ಮಾತ್ರ ಕಾಣಿಸುತ್ತವೆ. 2024ರ ಆಗಸ್ಟ್‌ನಿಂದ ಒಂದು ವರ್ಷಕ್ಕಿಂತ ಹಳೆಯವನ್ನು ಅಳಿಸಿಹಾಕುವ ಕ್ರಮವೂ ಜಾರಿಗೆ ಬಂದಿದೆ. ಬಳಗವು ಉಚಿತ ಯೋಜನೆಯಲ್ಲಿದ್ದರೆ ಹುಡುಕಿ ಸಿಗಲಿಲ್ಲವೆಂದ ಮಾತ್ರಕ್ಕೆ ಆ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿಲ್ಲವೆಂದು ತಿಳಿಯಬಾರದು. ಉಪಯುಕ್ತವೆನಿಸಿದ ಉತ್ತರವನ್ನು ದಿನಾಂಕ ಸಹಿತ ತನ್ನ ಸ್ವಂತ ಕಡತದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಹುಡುಕಿದಾಗ ಈ ತೊಡಕಿನ ಕಾರಣ ತಿಳಿಯುವ ಸಂಭವ ಹೆಚ್ಚು, ಏಕೆಂದರೆ ಇದು ಫ್ರೀಕ್ಯಾಡ್ ಬಳಕೆದಾರರಿಗೆಲ್ಲ ಪರಿಚಿತವಾದುದು. ಮಾದರಿಯ ಪ್ರತಿಯೊಂದು ಮುಖಕ್ಕೂ ತಂತ್ರಾಂಶವು Face1, Face2 ಎಂಬಂತೆ ಕ್ರಮಾಂಕ ನೀಡುತ್ತದೆ. ಉಬ್ಬಿನ ರೇಖಾಚಿತ್ರವನ್ನು ಮೇಲ್ಮುಖಕ್ಕೆ ಅಂಟಿಸಿದಾಗ ಅದು ನೆನಪಿಟ್ಟುಕೊಳ್ಳುವುದು ಮೇಲ್ಮುಖವನ್ನಲ್ಲ, ಆ ಕ್ರಮಾಂಕವನ್ನು. ಮೂಲೆಯಲ್ಲಿ ಕಚ್ಚು ಸೇರಿಸಿದಾಗ ಮುಖಗಳ ಸಂಖ್ಯೆ ಹೆಚ್ಚಿ ಕ್ರಮಾಂಕಗಳು ಬದಲಾಗುತ್ತವೆ. ಅದೇ ಕ್ರಮಾಂಕ ಈಗ ಪಕ್ಕದ ಗೋಡೆಯದಾಗಿರುತ್ತದೆ. ಬೀದಿಯ ಮನೆಗಳಿಗೆ ಹೊಸ ಸಂಖ್ಯೆ ಹಾಕಿದ ಮೇಲೆ ಹಳೆಯ ಸಂಖ್ಯೆ ಬರೆದ ಟಪಾಲು ನೆರೆಮನೆಗೆ ಹೋದಂತೆ. 1.0 ಆವೃತ್ತಿಯಲ್ಲಿ ಈ ತೊಡಕನ್ನು ಬಹುಮಟ್ಟಿಗೆ ತಗ್ಗಿಸಲಾಗಿದೆ, ಪೂರ್ಣವಾಗಿ ನಿವಾರಿಸಿಲ್ಲ. ಹಳೆಯ ಆವೃತ್ತಿಯಲ್ಲಿಯೂ ಪರಿಹಾರವುಂಟು: ರೇಖಾಚಿತ್ರವನ್ನು ಮುಖಕ್ಕೆ ಅಂಟಿಸದೆ, ಎಂದಿಗೂ ಬದಲಾಗದ ಮೂಲ ಸಮತಲಕ್ಕೆ ಅಂಟಿಸಿ 10 ಮಿ.ಮೀ. ಮೇಲಕ್ಕೆ ಸರಿಸುವುದು.

ಹುಡುಕಾಟದಿಂದಲೇ ಕೆಲಸವಾದರೆ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಆದರೆ ಡ್ರಾಫ್ಟ್ಸ್‌ಮನ್‌ಗೆ ಇನ್ನೊಂದು ಸಂದೇಹ ಉಳಿದಿದೆ: 0.21ರಲ್ಲಿ ರಚಿಸಿದ ಹಳೆಯ ಕಡತವನ್ನು 1.0ರಲ್ಲಿ ತೆರೆದರೂ ಉಬ್ಬು ತಪ್ಪು ಜಾಗದಲ್ಲಿಯೇ ಇದೆ. ಇದು ಕೇಳಲು ಯೋಗ್ಯವಾದ ಪ್ರಶ್ನೆ.

ಪ್ರಶ್ನೆಯನ್ನು ಸಿದ್ಧಪಡಿಸುವುದು

ಇಲ್ಲಿ ಮೊದಲು ಗ್ರಾಹಕರ ಹಿತವನ್ನು ನೋಡಬೇಕು. ಜಾಬ್‌ವರ್ಕ್‌ಗೆ ಬಂದ ಡ್ರಾಯಿಂಗ್ ಘಟಕದ ಸ್ವತ್ತಲ್ಲ. ಖರೀದಿ ಆದೇಶದ ಹಿಂಬದಿಯ ಷರತ್ತುಗಳಲ್ಲಿ ಗೋಪ್ಯತೆಯ ಷರತ್ತು ಇರುವುದು ಅಪರೂಪವಲ್ಲ. ಸಾರ್ವಜನಿಕ ಬಳಗದಲ್ಲಿ ಯಾರು ಬೇಕಾದರೂ ಸೇರಿ ಲಗತ್ತನ್ನು ಇಳಿಸಿಕೊಳ್ಳಬಹುದು. ತರುವಾಯ ಅಳಿಸಿದರೂ ಇಳಿಸಿಕೊಂಡ ಪ್ರತಿಯನ್ನು ಹಿಂದಕ್ಕೆ ಪಡೆಯಲಾಗದು. ಆದುದರಿಂದ ಮೂಲ ಕಡತವನ್ನು ಎಂದಿಗೂ ಲಗತ್ತಿಸಬಾರದು. ಕಡತದ ಹೆಸರಿನಲ್ಲಿ ಗ್ರಾಹಕರ ಹೆಸರು, ಪರದೆಯ ಚಿತ್ರದ ಮೂಲೆಯಲ್ಲಿ ಭಾಗದ ಸಂಖ್ಯೆ, ಫೋಲ್ಡರಿನ ವಿಳಾಸ ಇವು ಕಾಣುತ್ತಿವೆಯೇ ಎಂದು ಕಳುಹಿಸುವ ಮೊದಲು ನೋಡಬೇಕು.

ಮೂಲ ಕಡತಕ್ಕೆ ಬದಲಾಗಿ ಒಂದು ಕಿರುಮಾದರಿಯನ್ನು ಹೊಸದಾಗಿ ರಚಿಸಬೇಕು. ಹಳೆಯ 0.21ರಲ್ಲಿ 100 × 50 × 10 ಮಿ.ಮೀ. ಫಲಕ, ಅದರ ಮೇಲೆ ಒಂದು ಉಬ್ಬು, ಮೂಲೆಯಲ್ಲಿ ಒಂದು ಕಚ್ಚು, ಅಷ್ಟೇ. ಆ ಮಾದರಿಯಲ್ಲಿಯೂ ಅದೇ ತೊಡಕು ಕಾಣಿಸಿಕೊಂಡರೆ ಪ್ರಶ್ನೆ ಸಿದ್ಧವಾಯಿತು. ಕಾಣಿಸಿಕೊಳ್ಳದಿದ್ದರೆ ತೊಡಕಿನ ಕಾರಣ ಮೂಲ ಕಡತದ ಬೇರಾವುದೋ ಭಾಗದಲ್ಲಿದೆ ಎಂದು ತಿಳಿದಂತಾಯಿತು. ಒಂದೊಂದೇ ಅಂಶವನ್ನು ಕಿರುಮಾದರಿಗೆ ಸೇರಿಸುತ್ತ ಹೋದರೆ ಅದೂ ಹೊರಬೀಳುತ್ತದೆ. ಅನೇಕ ವೇಳೆ ಉತ್ತರವು ಈ ಹಂತದಲ್ಲಿಯೇ ದೊರೆತು ಪ್ರಶ್ನೆ ಅನಾವಶ್ಯಕವಾಗುತ್ತದೆ. ಕಿರುಮಾದರಿಯಿಂದ ಗೋಪ್ಯತೆಯೂ ಉಳಿಯಿತು, ಉತ್ತರಿಸುವವರ ವೇಳೆಯೂ ಉಳಿಯಿತು.

ತರುವಾಯ ಪ್ರಶ್ನೆಯಲ್ಲಿ ನಾಲ್ಕು ಅಂಶಗಳು ಈ ಕ್ರಮದಲ್ಲಿರಬೇಕು.

1. ತಂತ್ರಾಂಶದ ಆವೃತ್ತಿ. ಫ್ರೀಕ್ಯಾಡ್‌ನ Help ಪಟ್ಟಿಯಲ್ಲಿರುವ About FreeCAD ಕಿಟಕಿಯಲ್ಲಿ ಈ ವಿವರಗಳನ್ನು ನಕಲು ಮಾಡುವ ಗುಂಡಿಯಿದೆ. ಗಣಕದ ಕಾರ್ಯವ್ಯವಸ್ಥೆಯೂ ಆವೃತ್ತಿಯ ಪೂರ್ಣ ಸಂಖ್ಯೆಯೂ ಅದರಲ್ಲಿ ಬರುತ್ತವೆ. ಅದನ್ನು ಕೈಯಿಂದ ಬರೆಯದೆ ಹಾಗೆಯೇ ಅಂಟಿಸಬೇಕು.

2. ಮಾಡಿದ ಕೆಲಸ, ಹೆಜ್ಜೆ ಹೆಜ್ಜೆಯಾಗಿ. 0.21ರಲ್ಲಿ ಕಡತ ರಚಿಸಿದ್ದು, ಕಚ್ಚು ಸೇರಿಸಿದ್ದು, ಉಳಿಸಿದ್ದು, 1.0ರಲ್ಲಿ ತೆರೆದದ್ದು.

3. ನಿರೀಕ್ಷಿಸಿದ್ದು ಮತ್ತು ಆದದ್ದು. ಉಬ್ಬು ಮೇಲ್ಮುಖಕ್ಕೆ ಮರಳುವುದೆಂಬ ನಿರೀಕ್ಷೆ. ಪಕ್ಕದ ಗೋಡೆಯಲ್ಲಿಯೇ ಉಳಿದಿದೆ ಎಂಬ ವಾಸ್ತವ. ಜೊತೆಗೆ ಒಂದು ಚಿತ್ರ.

4. ಈಗಾಗಲೇ ಪ್ರಯತ್ನಿಸಿದ್ದು. ಹುಡುಕಿ ಓದಿದ ಹಳೆಯ ಸಂದೇಶದ ಕೊಂಡಿ, ಹಾಗೂ ರೇಖಾಚಿತ್ರವನ್ನು ಮೂಲ ಸಮತಲಕ್ಕೆ ಅಂಟಿಸಿದಾಗ ಸರಿಯಾಯಿತು ಎಂಬ ಮಾತು.

ಇಂಥ ಪ್ರಶ್ನೆಗೆ ಉತ್ತರ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ: ಹಳೆಯ ಆವೃತ್ತಿಯಲ್ಲಿ ಈಗಾಗಲೇ ತಪ್ಪಿಹೋದ ಕೊಂಡಿಯನ್ನು ಹೊಸ ಆವೃತ್ತಿ ಊಹಿಸಿ ಸರಿಪಡಿಸಲಾರದು, ಒಮ್ಮೆ ಕೈಯಿಂದ ಸರಿಯಾದ ಮುಖಕ್ಕೆ ಮರಳಿ ಅಂಟಿಸಬೇಕು, ಅಲ್ಲಿಂದ ಮುಂದಿನ ತಿದ್ದುಪಡಿಗಳಲ್ಲಿ 1.0ರ ಅನುಕೂಲ ದೊರೆಯುತ್ತದೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ಸರಿಯಾಗಿ ತೆರೆಯದಿರಬಹುದಾದ್ದರಿಂದ ಮೂಲದ ಒಂದು ಪ್ರತಿಯನ್ನು ತೆಗೆದಿಟ್ಟಿರಬೇಕು.

ಕೊಡುಗೆಯ ಕ್ರಮ

ಉತ್ತರ ದೊರೆತ ಕೂಡಲೇ ಘಟಕವು ಬಳಗಕ್ಕೆ ಸಾಲಗಾರನಾಯಿತು. ಆ ಸಾಲವನ್ನು ತೀರಿಸುವುದಕ್ಕೂ ಒಂದು ಕ್ರಮವುಂಟು. ಹೊಸಬನು ನೀಡುವ ಕೊಡುಗೆಯನ್ನು ಯಾರಾದರೂ ಪರಿಶೀಲಿಸಲೇಬೇಕು. ಆ ಪರಿಶೀಲನೆಗೆ ಹಳಬರ ವೇಳೆ ಎಷ್ಟು ಕಡಿಮೆ ಹಿಡಿಯುತ್ತದೆಯೋ ಆ ಕೊಡುಗೆಯನ್ನು ಅಷ್ಟು ಮೊದಲು ನೀಡಬೇಕು. ಕೆಳಗಿನ ಮೆಟ್ಟಿಲುಗಳು ಈ ಒಂದೇ ನಿಯಮವನ್ನು ಅನುಸರಿಸಿವೆ.

ಮೊದಲ ಮೆಟ್ಟಿಲು, ಫಲಿತಾಂಶವನ್ನು ತಿಳಿಸುವುದು. ಹೇಳಿದಂತೆ ಮಾಡಲಾಗಿ ಉಬ್ಬು ಸರಿಯಾಯಿತು, ಅನಂತರ ಕಚ್ಚಿನ ಅಳತೆಯನ್ನು ಎರಡು ಬಾರಿ ಬದಲಾಯಿಸಿದರೂ ಅದು ಅಲುಗಲಿಲ್ಲ ಎಂದು ಅದೇ ಪ್ರಶ್ನೆಯ ಥ್ರೆಡ್‌ನಲ್ಲಿ ಬರೆಯಬೇಕು. ಬರಿಯ ಕೃತಜ್ಞತೆಗಿಂತ ಈ ಎರಡು ಸಾಲುಗಳಿಗೆ ಬೆಲೆ ಹೆಚ್ಚು. ಮುಂದೆ ಇದೇ ತೊಡಕಿನಿಂದ ಹುಡುಕಿ ಬರುವವನಿಗೆ ಉತ್ತರ ಸರಿಯೆಂಬ ರುಜುವಾತು ಇದರಿಂದ ದೊರೆಯುತ್ತದೆ. ಹಲವರು ಉತ್ತರ ಪಡೆದು ಮೌನವಾಗುತ್ತಾರೆ. ಅಂಥವರ ಮುಂದಿನ ಪ್ರಶ್ನೆಗೆ ಉತ್ತರಿಸಲು ಯಾರೂ ಅವಸರಪಡುವುದಿಲ್ಲ.

ಎರಡನೆಯ ಮೆಟ್ಟಿಲು, ತಾನು ಕಲಿತದ್ದನ್ನೇ ಕೇಳುವ ಇನ್ನೊಬ್ಬ ಹೊಸಬನಿಗೆ ಉತ್ತರಿಸುವುದು. ಇದಕ್ಕೊಂದು ಮಿತಿಯಿದೆ: ತನ್ನ ಗಣಕದಲ್ಲಿ ಮಾಡಿ ನೋಡಿದ್ದನ್ನು ಮಾತ್ರ ಹೇಳಬೇಕು, ಯಾವ ಆವೃತ್ತಿಯಲ್ಲಿ ನೋಡಿದ್ದೆಂದೂ ಹೇಳಬೇಕು. ಎಲ್ಲೋ ಓದಿದ್ದನ್ನು ನೋಡದೆ ಹೇಳಿದರೆ ಹಳಬರೊಬ್ಬರು ಬಂದು ತಿದ್ದಬೇಕಾಗುತ್ತದೆ. ಅಲ್ಲಿಗೆ ಕೊಡುಗೆಯು ಹೊರೆಯಾಯಿತು.

ಮೂರನೆಯ ಮೆಟ್ಟಿಲು, ಇತರರು ವರದಿ ಮಾಡಿದ ದೋಷಗಳನ್ನು ಪರೀಕ್ಷಿಸಿ ನೋಡುವುದು. ಇಲ್ಲಿ ವರ್ತಕರಿಗೆ ಪರಿಚಿತವಾದ ಒಂದು ಭೇದವನ್ನು ನೆನೆಯಬಹುದು. ಬಳಗದ ಮಾತುಕತೆಯು ಕಿರ್ದಿಯಿದ್ದಂತೆ. ದಿನದ ಎಲ್ಲ ವ್ಯವಹಾರಗಳೂ ಅದರಲ್ಲಿ ಬಂದ ಹಾಗೆ ದಾಖಲಾಗುತ್ತವೆ. ಫ್ರೀಕ್ಯಾಡ್‌ನ ದೋಷಗಳ ಖಾತೆ ಇರುವುದು ಗಿಟ್‌ಹಬ್‌ನಲ್ಲಿ. ಕಿರ್ದಿಯಿಂದ ಖಾತೆಗೆ ಏರಿಸದ ಬಾಬು ವರ್ಷಾಂತ್ಯದಲ್ಲಿ ಹೇಗೆ ಕಾಣೆಯಾಗುವುದೋ ಹಾಗೆಯೇ ಮಾತುಕತೆಯಲ್ಲಿ ಮಾತ್ರ ಹೇಳಿದ ದೋಷವೂ ಮರೆಯಾಗುತ್ತದೆ. ಗಿಟ್‌ಹಬ್‌ನಲ್ಲಿರುವ ಒಂದು ವರದಿಯನ್ನು ತೆರೆದು, ಅಲ್ಲಿ ಬರೆದ ಹೆಜ್ಜೆಗಳನ್ನು ತನ್ನ ಗಣಕದಲ್ಲಿ ಮಾಡಿ, "ಈ ಆವೃತ್ತಿಯಲ್ಲಿ ನನಗೂ ಹೀಗೆಯೇ ಆಗುತ್ತದೆ" ಅಥವಾ "ಆಗುವುದಿಲ್ಲ" ಎಂದು ಬರೆಯುವುದಕ್ಕೆ ಕಾರ್ಯಕ್ರಮ ರಚನೆಯ ಜ್ಞಾನ ಬೇಕಿಲ್ಲ. ಮರುಕಳಿಸಿ ತೋರಿಸಲಾಗದ ದೋಷವನ್ನು ಸರಿಪಡಿಸುವುದು ಕಷ್ಟವಾದುದರಿಂದ ತಂತ್ರಾಂಶ ರಚಿಸುವವರಿಗೆ ಇದರಿಂದ ನೇರವಾದ ಉಪಕಾರವಾಗುತ್ತದೆ. ದಿನವಿಡೀ ಇದೇ ತಂತ್ರಾಂಶದಲ್ಲಿ ಕೆಲಸ ಮಾಡುವ ಡ್ರಾಫ್ಟ್ಸ್‌ಮನ್ ಇದಕ್ಕೆ ತಕ್ಕ ವ್ಯಕ್ತಿ.

ನಾಲ್ಕನೆಯ ಮೆಟ್ಟಿಲು, ಕೈಪಿಡಿಯಲ್ಲಿ ಅಸ್ಪಷ್ಟವಾಗಿರುವ ಒಂದು ಪರಿಚ್ಛೇದಕ್ಕೆ ತಿದ್ದುಪಡಿ ಸೂಚಿಸುವುದು. ಇದನ್ನು ಓದಿ ಒಪ್ಪಲು ಹಳಬರಿಗೆ ಹೆಚ್ಚು ವೇಳೆ ಬೇಕು. ಆದುದರಿಂದ ಒಂದು ಬಾರಿಗೆ ಒಂದೇ ಪರಿಚ್ಛೇದ. ತಂತ್ರಾಂಶ ಹೇಗಿರಬೇಕೆಂಬ ಸಲಹೆಗಳು, ಹೊಸ ಸೌಲಭ್ಯಗಳ ಬೇಡಿಕೆ ಇವೆಲ್ಲ ಅದಕ್ಕೂ ಮೇಲಿನ ಮೆಟ್ಟಿಲಿಗೆ ಸೇರಿದವು. ಹೊಸಬರು ಸಾಮಾನ್ಯವಾಗಿ ಇವುಗಳಿಂದಲೇ ಆರಂಭಿಸುತ್ತಾರೆ. ಅಂಥ ಸಲಹೆಯು ಎಷ್ಟೇ ಯುಕ್ತವಾದರೂ ಹಿಂದೆ ಹತ್ತು ಬಾರಿ ಚರ್ಚೆಯಾಗಿ ಬಿಟ್ಟದ್ದಾಗಿರುವ ಸಂಭವವುಂಟು.

ತಮ್ಮ ಘಟಕದಲ್ಲಿ ಜಾಬ್‌ವರ್ಕ್ ಮಾಡಿಕೊಡಲಾಗುವುದೆಂಬ ಪ್ರಚಾರಕ್ಕೆ ಈ ಮೆಟ್ಟಿಲುಗಳಲ್ಲಿ ಸ್ಥಾನವಿಲ್ಲ. ಅದಕ್ಕೆಂದೇ ಒಂದು ಚಾನೆಲ್ ಇದ್ದು ನಿಯಮಗಳು ಅನುಮತಿಸಿದರೆ ಅಲ್ಲಿ ಒಂದು ಬಾರಿ ಬರೆಯಬಹುದು. ಸಹಾಯ ಕೇಳಿದವರಿಗೆ ಖಾಸಗಿಯಾಗಿ ದರಪಟ್ಟಿ ಕಳುಹಿಸುವುದು ಬಳಗದಿಂದ ಹೊರಹಾಕಲ್ಪಡುವುದಕ್ಕೆ ಹತ್ತಿರದ ದಾರಿ. ಬಳಗದಲ್ಲಿ ತೋರುವ ಹೆಸರಾಗಿ ಸಂಸ್ಥೆಯ ಹೆಸರಿಗಿಂತ ವ್ಯಕ್ತಿಯ ಹೆಸರನ್ನು ಇಡುವುದೂ ಇದೇ ಕಾರಣದಿಂದ ಉಚಿತ. ಸಂಸ್ಥೆಯ ಹೆಸರು ಮೊದಲ ನೋಟಕ್ಕೆ ಜಾಹೀರಾತಿನಂತೆ ಕಾಣುತ್ತದೆ.

ತಪ್ಪಿರುವುದನ್ನು ಗುರುತಿಸುವ ಬಗೆ

ಕ್ರಮ ತಪ್ಪಿದ್ದರೆ ಬಳಗವು ಜೋರಾಗಿ ಹೇಳುವುದು ವಿರಳ. ನಿರ್ವಾಹಕರು ಪ್ರಶ್ನೆಯನ್ನು ಬೇರೆ ಚಾನೆಲ್‌ಗೆ ಹಾಕಲು ಹೇಳಿದರೆ ವಾದ ಮಾಡದೆ ಅಲ್ಲಿ ಮತ್ತೊಮ್ಮೆ ಹಾಕಿ, ಹಳೆಯದನ್ನು ಅಳಿಸಬೇಕು. ಒಂದೇ ಪ್ರಶ್ನೆ ಎರಡು ಕಡೆ ಇದ್ದರೆ ಉತ್ತರಗಳೂ ಹರಿದುಹಂಚಿಹೋಗುತ್ತವೆ. ಕೇವಲ ಒಂದು ಕೊಂಡಿಯನ್ನು ಉತ್ತರವಾಗಿ ಕೊಟ್ಟರೆ ಅದು ಅವಮಾನವಲ್ಲ. ಉತ್ತರ ಅಲ್ಲಿದೆ ಎಂದರ್ಥ. ಪೂರ್ತಿ ಒಂದು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಪ್ರಶ್ನೆಯಲ್ಲಿ ಏನೋ ಕೊರತೆಯಿದೆ ಎಂದು ತಿಳಿದು, ಹೊಸದೊಂದು ವಿವರವನ್ನು ಅಥವಾ ಇನ್ನೂ ಚಿಕ್ಕ ಮಾದರಿಯನ್ನು ಸೇರಿಸಿ ಒಂದು ಬಾರಿ ನೆನಪಿಸಬಹುದು. ಹೊಸ ವಿವರವಿಲ್ಲದ ಬರಿಯ ನೆನಪೋಲೆಗಳಿಂದ ಫಲವಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವೂ ಇದೆ. ಪ್ರಶ್ನೆ ಹಾಕಿದ ಕೂಡಲೇ ಅಪರಿಚಿತನೊಬ್ಬನು ಖಾಸಗಿ ಸಂದೇಶ ಕಳುಹಿಸಿ, ತಾನು ಬಳಗದ ನಿರ್ವಾಹಕನೆಂದೂ, ದೂರು ದಾಖಲಿಸಲು ಒಂದು ಕೊಂಡಿಯನ್ನು ಒತ್ತಬೇಕೆಂದೂ ಅಥವಾ ಕ್ಯೂಆರ್ ಸಂಕೇತವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಬೇಕೆಂದೂ ಹೇಳಬಹುದು. ಡಿಸ್ಕಾರ್ಡ್‌ನಲ್ಲಿ ಲಾಗಿನ್‌ಗೆಂದು ಇರುವ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ ಖಾತೆಯೇ ಎದುರಿನವನ ಗಣಕದಲ್ಲಿ ತೆರೆದುಕೊಳ್ಳುತ್ತದೆ. ನಿಜವಾಗಿ ನೆರವಾಗುವವರು ಚಾನೆಲ್‌ನಲ್ಲಿ ಎಲ್ಲರ ಮುಂದೆ ಉತ್ತರಿಸುತ್ತಾರೆ. ಹಾಗೆ ಉತ್ತರಿಸಿದರೆ ಇತರರಿಗೂ ಉಪಯೋಗ, ತಪ್ಪಿದ್ದರೆ ತಿದ್ದುವವರೂ ಇರುತ್ತಾರೆ. ಬಳಗದ ಸದಸ್ಯರಿಂದ ಬರುವ ಖಾಸಗಿ ಸಂದೇಶಗಳನ್ನು ತಡೆಯುವ ಸೌಲಭ್ಯ ಡಿಸ್ಕಾರ್ಡ್‌ನ ಗೋಪ್ಯತೆಯ ಆಯ್ಕೆಗಳಲ್ಲಿದೆ. ಸೇರಿದ ದಿನವೇ ಅದನ್ನು ಬಳಸುವುದು ಲೇಸು.

ಘಟಕದ ಕಡತದಲ್ಲಿ ಉಳಿಯಬೇಕಾದದ್ದು

ಖಾತೆಯನ್ನು ಡ್ರಾಫ್ಟ್ಸ್‌ಮನ್‌ನ ಸ್ವಂತ ಮಿಂಚಂಚೆಯಲ್ಲಿ ತೆರೆದಿದ್ದರೆ, ಅವನು ಕೆಲಸ ಬಿಟ್ಟ ದಿನ ಕೇಳಿದ ಪ್ರಶ್ನೆಗಳ ಹಾಗೂ ಪಡೆದ ಉತ್ತರಗಳ ದಾಖಲೆಯೂ ಘಟಕದಿಂದ ಹೊರಹೋಗುತ್ತದೆ. ಅವನು ವ್ಯಕ್ತಿಯಾಗಿ ಸಂಪಾದಿಸಿದ ಗೌರವ ಅವನದೇ. ಅದನ್ನು ಮಾಲೀಕರು ಬಯಸಲಾಗದು. ಆದರೆ ಉತ್ತರಗಳು ಘಟಕಕ್ಕೂ ಬೇಕು. ಅದಕ್ಕಾಗಿ ಒಂದು ಸಾಮಾನ್ಯ ನೋಟುಪುಸ್ತಕ ಅಥವಾ ಲೆಕ್ಕಹಾಳೆಯಲ್ಲಿ ಐದು ಕಲಮುಗಳು ಸಾಕು: ದಿನಾಂಕ, ತೊಡಕು, ತಂತ್ರಾಂಶದ ಆವೃತ್ತಿ, ಫಲಿಸಿದ ಪರಿಹಾರ, ಸಂದೇಶದ ಕೊಂಡಿ. ಉದಾಹರಣೆಯ ಘಟಕದಲ್ಲಿ ಅದರ ಮೊದಲ ಸಾಲು ಉಬ್ಬಿನ ಕುರಿತದ್ದು. ಅದರ ಪಕ್ಕದಲ್ಲಿ ಮಾಲೀಕರು ಇನ್ನೊಂದು ಸೂಚನೆಯನ್ನು ಬರೆದಿಡಬಹುದು: ತಿದ್ದುಪಡಿಯಾದ ಪ್ರತಿ ಮಾದರಿಯ ರಂಧ್ರಗಳ ಸ್ಥಾನವನ್ನು ಗ್ರಾಹಕರ ಡ್ರಾಯಿಂಗ್‌ನೊಡನೆ ಮತ್ತೊಮ್ಮೆ ತಾಳೆ ನೋಡಿದ ಮೇಲೆಯೇ ಯಂತ್ರಕ್ಕೆ ಕಳುಹಿಸತಕ್ಕದ್ದು. ಬಳಗದ ಉತ್ತರ ಎಷ್ಟೇ ಸರಿಯಾದರೂ ಯಂತ್ರಕ್ಕೆ ಹೋಗುವ ಲೋಹದ ಹೊಣೆ ಘಟಕದ್ದೇ ಆಗಿರುತ್ತದೆ.